ಮಂಗಳವಾರದ ತೂಕ

ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಆ ಹೆಣ್ಣುಮಗಳು ಮಂಗಳವಾರ, ಗುರುವಾರ, ಶನಿವಾರ ನಸುಕಿನ ಬಸ್ಸು ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾಳೆ. ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಮೂತ್ರ ಬರುವುದು ಹೆಚ್ಚುಕಡಿಮೆ ನಿಂತೇ ಹೋಗಿದೆ. ಕುಡಿದ ನೀರೆಲ್ಲ ಬಹುಪಾಲು ಮೈಯಲ್ಲೇ ಉಳಿಯುತ್ತದೆ.

ಅದಕ್ಕೇ ಡಯಾಲಿಸಿಸ್ ಕೋಣೆಯಲ್ಲಿ ಮೊದಲು ತೂಕ ನೋಡುತ್ತಾರೆ. ಹೆಚ್ಚುವರಿ ನೀರಿಲ್ಲದಾಗ ಆಕೆಯ ತೂಕ 46 ಕೆ.ಜಿ. ಇದು ಒಣ ತೂಕ. ಆ ಮಂಗಳವಾರ ಯಂತ್ರ 48.9 ತೋರಿಸಿತು.

‘ಅಕ್ಕಾ, ಭಾನುವಾರ ಏನ್ ಮಾಡಿದ್ರಿ?’ ಸಿಸ್ಟರ್ ಕೇಳಿದಳು.

‘ಮದುವಿ ಊಟರೀ. ಸಾರು, ಪಾಯಸ ಉಂಡೆ. ಉಪ್ಪಿನಕಾಯಿ ತಿಂದಿದ್ದಕ್ಕ ನೀರಡಿಕಿ ಆತು.’

ಶನಿವಾರದಿಂದ ಮಂಗಳವಾರದವರೆಗೆ ನಡುವೆ ಎರಡು ದಿನ ಖಾಲಿ. ವಾರದ ಅಪಾಯಕಾರಿ ಹೊತ್ತು ಅದೇ. ನೀರು ಶ್ವಾಸಕೋಶಕ್ಕೆ ಇಳಿದರೆ ರಾತ್ರಿ ಮಲಗಿದೊಡನೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ತುಸು ಹಗುರ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಊರವರು ಆರೋಗ್ಯಕ್ಕೆಂದು ಕೊಡುವ ಎಳನೀರು, ಬಾಳೆಹಣ್ಣನ್ನು ಆಕೆ ಮುಟ್ಟದಿರುವುದು ಇದಕ್ಕೇ.

ಆಕೆಯ ಎಡಗೈಯಲ್ಲಿ ಅಪಧಮನಿಗೆ ಅಭಿಧಮನಿಯನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಬೆರಳಿಟ್ಟರೆ ಜುಮುಗುಡುವ ಕಂಪನ ತಿಳಿಯುತ್ತದೆ. ಅದು ನಿಂತರೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿರಲಿ, ಆ ಕೈಗೆ ಚೀಲ ನೇತುಹಾಕಿಕೊಳ್ಳುವುದಿಲ್ಲ.

ಅದೇ ಕೈಗೆ ಎರಡು ಸೂಜಿ. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಕಸ ಕಳೆದುಕೊಂಡು ಇನ್ನೊಂದರಿಂದ ಮರಳುತ್ತದೆ. ಹೀಗೆ ನಾಲ್ಕು ತಾಸು.

ಮೈಯಲ್ಲಿದ್ದ 2.9 ಲೀಟರ್ ಹೆಚ್ಚುವರಿ ನೀರನ್ನು ಅಂದೇ ತೆಗೆದುಬಿಡಬಹುದಲ್ಲ? ಅಷ್ಟು ಸಲೀಸಲ್ಲ. ಯಂತ್ರ ನೀರೆಳೆಯುವುದು ರಕ್ತದಿಂದ. ಪಾದದ ಬಾವಿನಲ್ಲಿ ನಿಂತ ನೀರು ರಕ್ತಕ್ಕೆ ಮರಳಲು ಸಮಯ ಬೇಕು. ಅವಸರ ಮಾಡಿದರೆ ರಕ್ತದೊತ್ತಡ ಕುಸಿಯುತ್ತದೆ. ಒಂದು ಕೆ.ಜಿ. ತೂಕಕ್ಕೆ ತಾಸಿಗೆ 13 ಮಿಲಿಲೀಟರ್ ದಾಟದಿರುವುದು ಒಳ್ಳೆಯದೆಂಬುದು ವೈದ್ಯರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ. 46 ಕೆ.ಜಿ.ಯ ಮೈಗೆ ನಾಲ್ಕು ತಾಸಿನಲ್ಲಿ ಅದು ಸುಮಾರು 2.4 ಲೀಟರ್.

ಅಷ್ಟಕ್ಕೇ ಯಂತ್ರ ಹೊಂದಿಸಿದರು. ಆದರೂ ಮೂರನೆಯ ತಾಸಿಗೆ ಮೀನಖಂಡ ಹಿಡಿದುಕೊಂಡಿತು, ಆಕಳಿಕೆ ಬಂತು, ಕಣ್ಣು ಮಂಜಾಯಿತು. ಒತ್ತಡ ಇಳಿಯುತ್ತಿದೆ ಎಂದರ್ಥ. ಸಿಸ್ಟರ್ ನೀರೆಳೆಯುವುದನ್ನು ನಿಲ್ಲಿಸಿ, ಕಾಲು ಎತ್ತರಿಸಿ, ಸ್ವಲ್ಪ ಸಲೈನ್ ಕೊಟ್ಟಳು. ಚೇತರಿಸಿಕೊಂಡ ಮೇಲೆ ನಿಧಾನಕ್ಕೆ ಮುಂದುವರಿಸಿದರು. ಇಳಿದಾಗ ತೂಕ 46.7.

ಉಳಿದ ಏಳುನೂರು ಗ್ರಾಂ ನೀರು ಹೊತ್ತುಕೊಂಡೇ ಆಕೆ ಮಧ್ಯಾಹ್ನದ ಬಸ್ಸು ಹತ್ತಿದಳು. ಮನೆಯಲ್ಲಿ ದಿನದ ನೀರನ್ನೆಲ್ಲ ಒಂದೇ ಬಾಟಲಿಗೆ ಅಳೆದಿಟ್ಟಳು. ಚಹಾ, ಸಾರು, ಮಜ್ಜಿಗೆಯೂ ಅದೇ ಲೆಕ್ಕಕ್ಕೆ. ಉಪ್ಪಿನಕಾಯಿ ಭರಣಿ ಅಟ್ಟ ಸೇರಿತು.

ಗುರುವಾರ ತೂಕ 48.2. ತೆಗೆಯಬೇಕಾದದ್ದು 2.2 ಲೀಟರ್, ಮಿತಿಯೊಳಗೇ.