28 ಜನರ ಲೆಕ್ಕ

1980ರ ಮಾರ್ಚ್ ಕೊನೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ವರದಿಯನ್ನು ಪ್ರಕಟಿಸಿತು. ಬರೆದದ್ದು ಅಲ್ಲಿನ ಸರ್ಕಾರದ ಔಷಧ ಪರಾಮರ್ಶೆ ಸಮಿತಿ, ವಿಷಯ ನಿದ್ದೆ ಮಾತ್ರೆ ಮತ್ತು ಆತಂಕದ ಮಾತ್ರೆ. ಡಯಾಜೆಪಾಮ್, ನೈಟ್ರಾಜೆಪಾಮ್, ಲೋರಾಜೆಪಾಮ್ ಮುಂತಾದ ಬೆಂಜೋಡಯಾಜೆಪೀನ್ ಕುಟುಂಬದ ಈ ಮಾತ್ರೆಗಳಿಗೆ ಬ್ರಿಟನ್ನಿನ ವೈದ್ಯರು ಆಗ ವರ್ಷಕ್ಕೆ ಸುಮಾರು 3 ಕೋಟಿ ಚೀಟಿ ಬರೆಯುತ್ತಿದ್ದರು. ಇವು ಚಟ ಹಿಡಿಸುವ ಸಾಧ್ಯತೆ ಕಡಿಮೆ ಎಂದ ಸಮಿತಿ, ಅದಕ್ಕೊಂದು ಅಂಕಿಯನ್ನೂ ಕೊಟ್ಟಿತು: 1960ರಿಂದ 1977ರವರೆಗೆ ಇಡೀ ದೇಶದಲ್ಲಿ ಈ ಮಾತ್ರೆಗಳ ಮೇಲೆ ಅವಲಂಬಿತರಾದವರು ಅಂದಾಜು 28 ಜನ.

ಹದಿನೇಳು ವರ್ಷ, ಕೋಟಿಗಟ್ಟಲೆ ಚೀಟಿ, 28 ಜನ! ಈ ಅಂಕಿಯನ್ನು ಮೊದಲು ಓದಿದಾಗ ಅಚ್ಚಿನ ತಪ್ಪಿರಬೇಕೆಂದುಕೊಂಡೆ. ತಪ್ಪಿರಲಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಎಡೆಬಿಡದೆ ತೆಗೆದುಕೊಂಡರೆ ಹೆಚ್ಚಿನ ನಿದ್ದೆ ಮಾತ್ರೆಗಳು 3ರಿಂದ 14 ದಿನಗಳೊಳಗೆ ನಿದ್ದೆ ಬರಿಸುವ ಗುಣವನ್ನು ಕಳೆದುಕೊಳ್ಳುತ್ತವೆ ಎಂದು ಸಮಿತಿಯೇ ಬರೆದಿತ್ತು. ಹಾಗಿದ್ದರೆ ಹತ್ತು ಹನ್ನೆರಡು ವರ್ಷದಿಂದ ರಾತ್ರಿ ತಪ್ಪದೆ ಮಾತ್ರೆ ನುಂಗುತ್ತಿದ್ದ ಲಕ್ಷಾಂತರ ಜನ ಅದನ್ನೇಕೆ ಬಿಟ್ಟಿರಲಿಲ್ಲ? ಬಿಟ್ಟ ರಾತ್ರಿ ಅವರಿಗೆ ಏನಾಗುತ್ತಿತ್ತು? ಈ ಎರಡು ಮಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ಸಮಿತಿ ಕೇಳಬೇಕಿದ್ದ ಪ್ರಶ್ನೆ ಇದು. ಕೇಳಲಿಲ್ಲ.

ಆ ಲೆಕ್ಕ ನಿಂತದ್ದು ವರದಿಯಾದ ಪ್ರಕರಣಗಳ ಮೇಲೆ. ವರದಿಯಾಗುತ್ತಿದ್ದವರು ಯಾರು? ದಿನಕ್ಕೆ ಹತ್ತಾರು ಮಾತ್ರೆ ನುಂಗುವವರು, ನಾಲ್ಕು ಕಡೆ ಚೀಟಿ ಬರೆಸಿಕೊಳ್ಳುವವರು, ಮದ್ಯದ ಜೊತೆ ಬೆರೆಸುವವರು. ಅಂದರೆ ಚಟಕ್ಕೆ ಬಿದ್ದವರು. ವೈದ್ಯರು ಬರೆದಷ್ಟನ್ನೇ, ಬರೆದ ಹೊತ್ತಿಗೇ, ವರ್ಷಗಟ್ಟಲೆ ತೆಗೆದುಕೊಂಡು ಸುಮ್ಮನೆ ಮಲಗುತ್ತಿದ್ದ ಗೃಹಿಣಿ ಯಾವ ಪಟ್ಟಿಯಲ್ಲೂ ಇರಲಿಲ್ಲ. ಚಟವನ್ನು ಹುಡುಕುತ್ತಾ ಹೋದವರ ಕಣ್ಣಿಗೆ ದೇಹದ ಅವಲಂಬನೆ ಬೀಳಲೇ ಇಲ್ಲ.

ಮರುವರ್ಷವೇ, 1981ರಲ್ಲಿ, ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಸೈಕಿಯಾಟ್ರಿಯ ಹಾನ್ನೆಸ್ ಪೆಟರ್ಸನ್ ಮತ್ತು ಮಾಲ್ಕಮ್ ಲೇಡರ್ ಅದೇ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಬಹುಕಾಲದಿಂದ ಮಾಮೂಲಿ ಪ್ರಮಾಣದಲ್ಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದ 16 ಜನರಿಗೆ ಹಂತಹಂತವಾಗಿ ಮದ್ದಿಲ್ಲದ ಹುಸಿ ಮಾತ್ರೆ ಕೊಟ್ಟರು. ಯಾವುದು ನಿಜ, ಯಾವುದು ಹುಸಿ ಎಂದು ರೋಗಿಗೂ ಗೊತ್ತಿರಲಿಲ್ಲ, ನೋಡಿಕೊಳ್ಳುತ್ತಿದ್ದ ವೈದ್ಯರಿಗೂ ಗೊತ್ತಿರಲಿಲ್ಲ. ಹದಿನಾರಕ್ಕೆ ಹದಿನಾರೂ ಜನರಲ್ಲಿ ಒಂದಲ್ಲ ಒಂದು ಬಗೆಯ ಹಿಂತೆಗೆತದ ತೊಂದರೆ ಕಾಣಿಸಿತು. ನಿದ್ದೆ ಕೆಟ್ಟಿತು, ಊಟ ಸೇರಲಿಲ್ಲ, ತೂಕ ಇಳಿಯಿತು, ಆತಂಕ ಏರಿತು, ಕೆಲವರಿಗೆ ಕಣ್ಣು ಕಿವಿಗಳ ಅನುಭವವೇ ಬದಲಾದಂತಾಯಿತು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಎಲ್ಲವೂ ಮೊದಲಿನ ಮಟ್ಟಕ್ಕೆ ಇಳಿಯಿತು.

ಇದು ಆಗಷ್ಟೇ ಕಂಡ ಹೊಸ ಸಂಗತಿಯೂ ಆಗಿರಲಿಲ್ಲ. ಈ ಕುಟುಂಬದ ಮೊದಲ ಮಾತ್ರೆ ಲಿಬ್ರಿಯಂ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. 1961ರಲ್ಲೇ ಅಮೆರಿಕದ ಲಿಯೋ ಹೊಲಿಸ್ಟರ್ ಮತ್ತು ಸಂಗಡಿಗರು ಆಸ್ಪತ್ರೆಯಲ್ಲಿದ್ದ ಮನೋರೋಗಿಗಳಲ್ಲಿ ಇದನ್ನು ಗುರುತಿಸಿದ್ದರು. ತಿಂಗಳುಗಟ್ಟಲೆ ದೊಡ್ಡ ಪ್ರಮಾಣದಲ್ಲಿ ಲಿಬ್ರಿಯಂ ಪಡೆದಿದ್ದ 11 ಜನರನ್ನು ಒಮ್ಮೆಲೇ ಹುಸಿ ಮಾತ್ರೆಗೆ ಬದಲಿಸಿದಾಗ 10 ಜನರಿಗೆ ಹೊಸ ತೊಂದರೆಗಳು ಶುರುವಾದವು. ಒಂದು ವಾರದ ಹೊತ್ತಿಗೆ ಇಬ್ಬರಿಗೆ ಫಿಟ್ಸ್ ಬಂತು. ನನ್ನನ್ನು ಬಹಳ ಕಾಡುವುದು ಈ ಪ್ರಯೋಗವೇ. ಆ ರೋಗಿಗಳು ಮಾತ್ರೆ ಹುಡುಕಿಕೊಂಡು ಹೋದವರಲ್ಲ. ವಾರ್ಡಿನಲ್ಲಿ ಕೊಟ್ಟದ್ದನ್ನು ನುಂಗಿದವರು. ಹಂಬಲವಿಲ್ಲದೆ, ಅತಿಬಳಕೆಯಿಲ್ಲದೆ ಬರೀ ದೇಹವೇ ಮದ್ದಿಗೆ ಒಗ್ಗಿಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ. ಆದರೆ ಅಲ್ಲಿ ಕೊಟ್ಟದ್ದು ದಿನಕ್ಕೆ 300ರಿಂದ 600 ಮಿಲಿಗ್ರಾಂ, ಮಾಮೂಲಿ ಪ್ರಮಾಣದ ಹತ್ತು ಪಟ್ಟಿಗೂ ಹೆಚ್ಚು. ಅತಿ ಪ್ರಮಾಣದಲ್ಲಿ ಮಾತ್ರ ಹೀಗಾಗುತ್ತದೆಂದು ವೈದ್ಯಲೋಕ ಅದನ್ನು ಬದಿಗಿಟ್ಟಿತು. ಇಪ್ಪತ್ತು ವರ್ಷ ಹಾಗೆಯೇ ಕಳೆಯಿತು. ಆ ಇಪ್ಪತ್ತು ವರ್ಷಗಳಲ್ಲಿ ಮಾತ್ರೆ ಬಿಡಲು ಹೋಗಿ ನಡುಗಿ ಬೆವರಿದವರಿಗೆಲ್ಲ ಸಿಕ್ಕ ಉತ್ತರ ಒಂದೇ: ನಿಮ್ಮ ಹಳೆಯ ಕಾಯಿಲೆ ಮರುಕಳಿಸಿದೆ, ಮಾತ್ರೆ ಮುಂದುವರಿಸಿ.

ದೇಹದೊಳಗೆ ಆಗುವುದೇನು? ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಕೋಶಗಳ ಉದ್ರೇಕವನ್ನು ತಗ್ಗಿಸುತ್ತದೆ. ಈ ಮಾತ್ರೆಗಳು ಗಾಬಾದ ಕೆಲಸಕ್ಕೆ ಬಲ ಕೊಡುತ್ತವೆ. ವಾರಗಟ್ಟಲೆ ಹೀಗೆ ಬಲ ಸಿಕ್ಕರೆ ಮಿದುಳು ತನ್ನ ಕಡೆಯಿಂದ ಹೊಂದಾಣಿಕೆ ಮಾಡಿಕೊಳ್ಳುತ್ತದೆ. ಗಾಬಾಕ್ಕೆ ಸ್ಪಂದಿಸುವ ಗ್ರಾಹಿಗಳು ಮಂದವಾಗುತ್ತವೆ, ಉದ್ರೇಕಿಸುವ ವ್ಯವಸ್ಥೆ ಚುರುಕಾಗುತ್ತದೆ. ಆಗ ಮಾತ್ರೆಯ ಪರಿಣಾಮ ಇಳಿಯುತ್ತದೆ. ಮಾತ್ರೆಯನ್ನು ತಟ್ಟನೆ ತೆಗೆದರೆ ಚುರುಕಾಗಿದ್ದ ಉದ್ರೇಕವೊಂದೇ ಉಳಿದು ನಿದ್ದೆ ಹಾರುತ್ತದೆ, ಕೈ ನಡುಗುತ್ತದೆ, ಸಣ್ಣ ಸದ್ದಿಗೂ ಮೈ ಬೆಚ್ಚುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್‌ನಂಥ ಮಾತ್ರೆಯನ್ನೂ, ಬಹುಕಾಲ ತೆಗೆದುಕೊಂಡ ಸ್ಟೀರಾಯ್ಡನ್ನೂ ಒಮ್ಮೆಲೇ ನಿಲ್ಲಿಸಬಾರದು. ಅದಕ್ಕೂ ದೇಹದ ಹೊಂದಾಣಿಕೆಯೇ ಕಾರಣ. ಸ್ಟೀರಾಯ್ಡ್ ತೆಗೆದುಕೊಳ್ಳುವ ಆಸ್ತಮಾ ರೋಗಿಯನ್ನು ಯಾರೂ ಚಟದವರೆಂದು ಕರೆಯುವುದಿಲ್ಲ.

ಚಟದ ಗುರುತುಗಳೇ ಬೇರೆ. ಬೇಡವೆಂದರೂ ಕೈ ಅತ್ತ ಹೋಗುವುದು, ಪ್ರಮಾಣ ತಾನೇ ಏರಿಸಿಕೊಳ್ಳುವುದು, ಕೆಲಸ, ಮನೆ, ಆರೋಗ್ಯ ಹಾಳಾಗುತ್ತಿದ್ದರೂ ಬಿಡದಿರುವುದು, ನಿದ್ದೆಗೆಂದು ಕೊಟ್ಟದ್ದನ್ನು ಹಗಲಲ್ಲಿ ಅಮಲಿಗಾಗಿ ನುಂಗುವುದು. ಇಂಥವರ ದೇಹವೂ ಮಾತ್ರೆಗೆ ಒಗ್ಗಿರುತ್ತದೆ, ಆದ್ದರಿಂದ ಅವರಿಗೂ ತಟ್ಟನೆ ನಿಲ್ಲಿಸುವಂತಿಲ್ಲ. ಆದರೆ ಪ್ರಮಾಣ ಇಳಿಸುವುದಷ್ಟೇ ಅವರಿಗೆ ಸಾಲದು, ವ್ಯಸನಕ್ಕೇ ಚಿಕಿತ್ಸೆ ಬೇಕು.

ಅವಲಂಬನೆ ಮತ್ತು ಚಟದ ನಡುವಿನ ಈ ಗೆರೆಯನ್ನು ಇನ್ನಷ್ಟು ಅಳಿಸಿದ್ದು ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ. ಅದರ 1987ರ ಪರಿಷ್ಕರಣೆಯ ಸಮಿತಿ ವ್ಯಸನವನ್ನೂ ‘ಅವಲಂಬನೆ’ ಎಂದೇ ಕರೆಯಲು ತೀರ್ಮಾನಿಸಿತು. ‘ಅಡಿಕ್ಷನ್’ ಎಂದರೆ ರೋಗಿಗೆ ಅವಮಾನ ಎಂಬುದು ಒಂದು ಗುಂಪಿನ ವಾದವಾಗಿತ್ತು. ಆ ಗುಂಪು ಒಂದೇ ಒಂದು ಮತದಿಂದ ಗೆದ್ದಿತೆಂದು ಚಾರ್ಲ್ಸ್ ಓಬ್ರಿಯನ್ ಮತ್ತಿತರರು 2006ರಲ್ಲಿ ಬರೆದಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಮಾತ್ರೆಗೆ ದೇಹ ಒಗ್ಗಿದವರೂ ಚಟದವರೂ ಒಂದೇ ಹೆಸರಿನಡಿ ಬಂದುಬಿಟ್ಟರು. 2013ರ ಡಿಎಸ್‌ಎಂ-5 ಇದನ್ನು ತಿದ್ದಿತು. ವೈದ್ಯರ ಸಲಹೆಯಂತೆ ಮದ್ದು ತೆಗೆದುಕೊಳ್ಳುವವರಲ್ಲಿ ಮದ್ದು ಒಗ್ಗಿಹೋಗುವುದನ್ನಾಗಲಿ, ಬಿಟ್ಟಾಗ ಬರುವ ತೊಂದರೆಯನ್ನಾಗಲಿ ವ್ಯಸನದ ಲಕ್ಷಣವೆಂದು ಎಣಿಸಬಾರದು ಎಂದಿತು. ನಡುವೆ 26 ವರ್ಷ ಕಳೆದಿತ್ತು.

ತಪ್ಪು ಹಣೆಪಟ್ಟಿಯಿಂದ ಏನಾಗುತ್ತದೆ ಎನ್ನುವುದಕ್ಕೆ ನಮ್ಮಲ್ಲಿ ನಡೆಯಬಹುದಾದ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಿ. ಅರವತ್ತೇಳರ ಒಬ್ಬ ಹೆಂಗಸು. ಗಂಡ ತೀರಿಕೊಂಡಾಗ ವೈದ್ಯರು ಎರಡು ವಾರಕ್ಕೆಂದು ಬರೆದ ಅಲ್ಪ್ರಜೋಲಾಮ್ ಅರ್ಧ ಮಿಲಿಗ್ರಾಂ ಒಂಬತ್ತು ವರ್ಷದಿಂದ ನಡೆದುಕೊಂಡು ಬಂದಿದೆ. ಒಂದು ದಿನ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಮಗ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳ ಹೆಸರು ಹೇಳಿದ, ರಾತ್ರಿಯ ಮಾತ್ರೆ ನೆನಪಾಗಲಿಲ್ಲ. ಎರಡನೆಯ ರಾತ್ರಿ ಅವರು ಕಣ್ಣು ಮುಚ್ಚಲಿಲ್ಲ. ಮೂರನೆಯ ದಿನ ಕೈ ನಡುಕ, ಬೆವರು, ಅಸಂಬದ್ಧ ಮಾತು. ಮಗಳು ಮನೆಯಿಂದ ಸ್ಟ್ರಿಪ್ ತಂದು ತೋರಿಸಿದಾಗ ಯಾರೋ ಕೇಸ್ ಶೀಟಿನಲ್ಲಿ ‘ಅಡಿಕ್ಟ್’ ಎಂದು ಬರೆದರು. ಹಾಗೆ ಬರೆದ ಮೇಲೆ ಮುಂದಿನ ಯೋಚನೆ ಸಹಜವಾಗಿ ಒಂದೇ ದಿಕ್ಕಿಗೆ ಹೋಗುತ್ತದೆ: ಹೇಗೂ ನಿಂತಿದೆ, ಹಾಗೆಯೇ ಬಿಡಿಸೋಣ.

ಅಲ್ಲಿ ಕೇಳಬೇಕಿದ್ದದ್ದು ಕೆಲವೇ ಪ್ರಶ್ನೆ. ಒಂಬತ್ತು ವರ್ಷದಲ್ಲಿ ಪ್ರಮಾಣ ಏರಿತೇ? ಇಲ್ಲ. ಬೇರೆ ವೈದ್ಯರಿಂದಲೂ ಬರೆಸಿಕೊಂಡರೇ? ಇಲ್ಲ. ಹಗಲಲ್ಲಿ ಅದರ ನೆನಪಾದರೂ ಬರುತ್ತಿತ್ತೇ? ಇಲ್ಲ. ಇದು ದೈಹಿಕ ಅವಲಂಬನೆ. ವಯಸ್ಸಾದವರಿಗೆ ಹೀಗೆ ಗೊಂದಲವಾಗಲು ಸೋಂಕು, ಸೋಡಿಯಂ ಏರುಪೇರಿನಂಥ ಬೇರೆ ಕಾರಣಗಳೂ ಇರುವುದರಿಂದ ಅವನ್ನು ವೈದ್ಯರು ನೋಡಲೇಬೇಕು. ಜೊತೆಗೆ ತಪ್ಪಿಹೋದ ಮಾತ್ರೆಯನ್ನು ಮೊದಲಿದ್ದ ಪ್ರಮಾಣದಲ್ಲೇ ಮತ್ತೆ ಶುರುಮಾಡಬೇಕು. ಬಿಡಿಸುವ ಕೆಲಸ ಮೂಳೆ ಕೂಡಿ, ಮನೆಗೆ ಬಂದು ಸುಧಾರಿಸಿಕೊಂಡ ಮೇಲೆ.

ಆ ಕೆಲಸಕ್ಕೆ ದಾರಿ ತೋರಿಸಿದವರು ನ್ಯೂಕ್ಯಾಸಲ್ಲಿನ ಪ್ರೊಫೆಸರ್ ಹೆದರ್ ಆಷ್ಟನ್. ಹುಟ್ಟಿದ್ದು ನಮ್ಮ ಡೆಹ್ರಾಡೂನಿನಲ್ಲಿ. 1982ರಿಂದ 1994ರವರೆಗೆ ಈ ಮಾತ್ರೆ ಬಿಡಿಸಲಿಕ್ಕೆಂದೇ ಒಂದು ಕ್ಲಿನಿಕ್ ನಡೆಸಿದರು. ಬಂದ 300ರಷ್ಟು ಜನರ ಮಾತನ್ನು ಅವರು ನಂಬಿದರು. ಇಳಿಸುವ ವೇಗವನ್ನೂ ರೋಗಿಯ ಕೈಗೇ ಕೊಟ್ಟರು. ಬೇಗ ಕರಗಿಹೋಗುವ ಮಾತ್ರೆಯನ್ನು ದೇಹದಲ್ಲಿ ಬಹಳ ಹೊತ್ತು ಉಳಿಯುವ ಡಯಾಜೆಪಾಮ್‌ಗೆ ಬದಲಿಸಿ ನಿಧಾನವಾಗಿ ಇಳಿಸುವುದು ಅವರ ಕ್ರಮ. ಅವರ ಕೋಷ್ಟಕದಂತೆ ಅಲ್ಪ್ರಜೋಲಾಮ್ ಅರ್ಧ ಮಿಲಿಗ್ರಾಂ ಸುಮಾರು 10 ಮಿಲಿಗ್ರಾಂ ಡಯಾಜೆಪಾಮ್‌ಗೆ ಸಮ. ಎರಡು ವಾರಕ್ಕೆ 1 ಮಿಲಿಗ್ರಾಂನಂತೆ 5ಕ್ಕೆ ಇಳಿಯಲು ಹತ್ತು ವಾರ, ಅಲ್ಲಿಂದ ಎರಡು ವಾರಕ್ಕೆ ಅರ್ಧ ಮಿಲಿಗ್ರಾಂನಂತೆ ಸೊನ್ನೆಗೆ ಇಳಿಯಲು ಇಪ್ಪತ್ತು ವಾರ. ಒಟ್ಟು ಏಳು ತಿಂಗಳು. ವಯಸ್ಸಾದವರಲ್ಲಿ ಡಯಾಜೆಪಾಮ್ ದೇಹದಲ್ಲಿ ಸೇರಿಕೊಂಡು ಮಂಕು ಕವಿಸಬಹುದಾದ್ದರಿಂದ ಅವರಿಗೆ ಇದ್ದ ಮಾತ್ರೆಯನ್ನೇ ಸಣ್ಣ ಸಣ್ಣ ಹೆಜ್ಜೆಯಲ್ಲಿ ಇಳಿಸುವುದೂ ಉಂಟು. ಯಾವುದು ಸರಿಯೆಂದು ವೈದ್ಯರೇ ನಿರ್ಧರಿಸಬೇಕು.

ಇಳಿಸುವಾಗ ಬರುವ ತೊಂದರೆ ಹಳೆಯ ಕಾಯಿಲೆಯೋ, ಹಿಂತೆಗೆತವೋ? ಹಿಂತೆಗೆತವಾದರೆ ಪ್ರಮಾಣ ಇಳಿಸಿದ ಕೆಲವೇ ದಿನಗಳಲ್ಲಿ ಬರುತ್ತದೆ, ಮೊದಲೆಂದೂ ಇಲ್ಲದ ಲಕ್ಷಣಗಳನ್ನು ತರುತ್ತದೆ, ಬೆಳಕು ಚುಚ್ಚುತ್ತದೆ, ಚರ್ಮ ಜುಮುಗುಡುತ್ತದೆ, ಆಮೇಲೆ ತಾನಾಗಿ ಕಡಿಮೆಯಾಗುತ್ತದೆ. ಹಳೆಯ ಆತಂಕ ನಿಧಾನವಾಗಿ ಮರಳಿ ಅಲ್ಲಿಯೇ ಉಳಿಯುತ್ತದೆ. ಇನ್ನೊಂದು ಮೋಸವಿದೆ. ಬೇಗ ಕರಗುವ ಮಾತ್ರೆಯಾದರೆ ಮುಂದಿನ ಹೊತ್ತಿನ ಮಾತ್ರೆಗೆ ಮೊದಲೇ ನಡುಕ ಶುರುವಾಗಿ, ಕೆಲವರು ಸಂಜೆಯೇ ಅರ್ಧ ಹೆಚ್ಚು ನುಂಗುತ್ತಾರೆ. ನೋಡುವವರಿಗೆ ಅದು ಚಟವೆಂದೇ ಕಾಣುತ್ತದೆ. ನಿಜದಲ್ಲಿ ಅದು ಎರಡು ಮಾತ್ರೆಗಳ ನಡುವಿನ ಹಿಂತೆಗೆತ ಆಗಿರಬಹುದು.

ಬ್ರಿಟನ್ 1988ರಲ್ಲಿ ಈ ಮಾತ್ರೆಗಳನ್ನು ಎರಡರಿಂದ ನಾಲ್ಕು ವಾರಕ್ಕೆ ಮಿತಿಗೊಳಿಸುವಂತೆ ವೈದ್ಯರಿಗೆ ಸೂಚಿಸಿತು. ನಮ್ಮಲ್ಲಿ ಅಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಮುಂತಾದವು 2014ರಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಅಂಗಡಿಯವರು ಬೇರೆಯೇ ರಿಜಿಸ್ಟರಿನಲ್ಲಿ ಬರೆದಿಡಬೇಕು. ಕಾನೂನು ಬೇಕಾದದ್ದೇ. ಆದರೆ ಹಳೆಯ ಚೀಟಿ ನಡೆಯುವುದಿಲ್ಲವೆಂದು ಅಂಗಡಿಯಿಂದ ಬರಿಗೈಯಲ್ಲಿ ಮರಳುವ ಹಿರಿಯರಿಗೆ ಆ ರಾತ್ರಿಯೇ ಹಠಾತ್ ನಿಲುಗಡೆ ಶುರುವಾಗುತ್ತದೆ. ಮಾತ್ರೆ ಮುಗಿಯುವ ಮೊದಲೇ ಅವರು ವೈದ್ಯರನ್ನು ಕಾಣುವಂತೆ ಮನೆಯವರು ನೋಡಿಕೊಳ್ಳಬೇಕು.

ನಿಮ್ಮ ಮನೆಯಲ್ಲಿ ವರ್ಷಗಳಿಂದ ರಾತ್ರಿ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಅವರನ್ನು ಹೀಯಾಳಿಸಬೇಡಿ, ಸ್ಟ್ರಿಪ್ ಬಚ್ಚಿಡಬೇಡಿ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ವರ್ಷದಿಂದ ಎಂಬ ಮೂರನ್ನು ಒಂದು ಚೀಟಿಯಲ್ಲಿ ಬರೆದು ಅವರ ಆಸ್ಪತ್ರೆಯ ಫೈಲಿನಲ್ಲಿಡಿ. ಯಾವ ಕಾರಣಕ್ಕೆ ಅಡ್ಮಿಟ್ ಆದರೂ ಮೊದಲು ಅದನ್ನು ತೋರಿಸಿ.