ಐದು ಊರು, ಒಂದು ಫ್ರಿಜ್

ಹೊಸಪೇಟೆಯ ಒಂದು ಪಿ.ಜಿ. ಮನೆ ಅಂದುಕೊಳ್ಳೋಣ. ಅಲ್ಲಿ ಐದು ಜನ ಹೆಣ್ಣುಮಕ್ಕಳು ಇದ್ದಾರೆ. ಒಬ್ಬಳು ಕೂಡ್ಲಿಗಿಯವಳು, ಒಬ್ಬಳು ಕೊಟ್ಟೂರಿನವಳು. ಉಳಿದವರು ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿಯವರು. ಒಬ್ಬಳು ಆಸ್ಪತ್ರೆಯಲ್ಲಿ ನರ್ಸ್, ಇನ್ನೊಬ್ಬಳು ಅಂಗಡಿಯಲ್ಲಿ ಕೆಲಸ, ಮೂವರು ಓದುವವರು. ಅಡಿಗೆಮನೆ ಒಂದೇ. ಫ್ರಿಜ್ಜೂ ಒಂದೇ.

ಅಲ್ಲಿ ಕೇಳಿಬರುವ ಮಾತು ಎರಡು. "ನನ್ನ ಪಲ್ಯ ಯಾರು ಒಗೆದ್ರು?" "ಈ ಕೊಳೆತ ಡಬ್ಬಿ ಯಾರ್ದು?" ಈ ಎರಡು ಮಾತು ನಿಲ್ಲಬೇಕಾದರೆ ಏನು ಮಾಡಬೇಕು? ನೋಡೋಣ ಬನ್ನಿ.

ಮೊದಲು ಜಾಗ ಉಳಿಸೋಣ. ಊರಿನಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಫ್ರಿಜ್ಜಿಗೆ ಬೇಡ. ತಂಪಿನಲ್ಲಿ ಇಟ್ಟು ತೆಗೆದರೆ ರೊಟ್ಟಿ ಮೆತ್ತಗಾಗುತ್ತದೆ. ಇವನ್ನು ಒಣಗಿದ ಡಬ್ಬಿಯಲ್ಲಿ ಹೊರಗೇ ಇಡೋಣ. ಫ್ರಿಜ್ಜು ಹಾಲು, ಮೊಸರು, ಪಲ್ಯ, ಸಾರು, ಅನ್ನಕ್ಕೆ ಇರಲಿ. ಹಸಿ ಮಾಂಸ, ಮೀನು ತಂದರೆ ಮುಚ್ಚಿದ ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗೆ ಇಡಬೇಕು. ಮೇಲೆ ಇಟ್ಟರೆ ಅದರ ನೀರು ಕೆಳಗಿನ ಊಟಕ್ಕೆ ಸೋರುತ್ತದೆ.

ಇನ್ನು ಚೀಟಿ. ಹೆಸರು ಒಂದೇ ಬರೆದರೆ ಸಾಲದು, ತಾರೀಖೂ ಬೇಕು. ಕೊಟ್ಟೂರಿನವಳು ಮಂಗಳವಾರ ರಾತ್ರಿ ಬದನೆಕಾಯಿ ಪಲ್ಯ ಮಾಡಿದಳು. ಅವಳ ಚೀಟಿ ಹೀಗಿತ್ತು:

ಕೊಟ್ಟೂರು
ಬದನೆಕಾಯಿ ಪಲ್ಯ
ಮಾಡಿದ್ದು: 14, ಮಂಗಳವಾರ ರಾತ್ರಿ
ಗಡುವು: 17, ಶುಕ್ರವಾರ ರಾತ್ರಿ

ಪಲ್ಯ, ಸಾರಿಗೆ ಮೂರು ದಿನದ ಗಡುವು ಸಾಕು. ಅನ್ನಕ್ಕೆ ಒಂದೇ ದಿನ. ಯಾಕೆ ಅಂತೀರಾ? ಅಕ್ಕಿಯಲ್ಲಿ ಇರುವ ಒಂದು ಬಗೆಯ ರೋಗಾಣು ಕುದಿಸಿದರೂ ಪೂರ್ತಿ ಸಾಯುವುದಿಲ್ಲ. ಅನ್ನ ಬಹಳ ಹೊತ್ತು ಹೊರಗೆ ಉಳಿದರೆ ಅದು ಬೆಳೆದು ವಿಷ ಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ವಾಂತಿ ಆಗುತ್ತದೆ. ವಾಸನೆ ಬರಲಿಲ್ಲ ಅಂದ ಮಾತ್ರಕ್ಕೆ ಅನ್ನ ಚೆನ್ನಾಗಿದೆ ಎನ್ನುವ ಹಾಗಿಲ್ಲ. ಅದಕ್ಕೇ ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರವಿ ಆರಿಸಿ, ಒಂದು ತಾಸಿನೊಳಗೆ ಮುಚ್ಚಿ ಫ್ರಿಜ್ಜಿಗೆ ಇಡಬೇಕು.

ಚೀಟಿ ಒದ್ದೆಯಾಗಿ ಉದುರುವುದುಂಟು. ಡಬ್ಬಿಯನ್ನು ಮೊದಲು ಒಣಬಟ್ಟೆಯಿಂದ ಒರೆಸಿ. ಬಾಲ್ ಪೆನ್ನಿನಲ್ಲಿ ಬರೆದ ಚೀಟಿಯನ್ನು ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿ. ಶಾಯಿಯಲ್ಲಿ ಬರೆದರೆ ಅಳಿಸಿ ಹೋಗುತ್ತದೆ.

ಈಗ ಪಾಳಿ. "ಎಲ್ಲರೂ ಸ್ವಚ್ಛ ಮಾಡಬೇಕು" ಎಂದು ಗೋಡೆಗೆ ಬರೆದರೆ ಯಾರೂ ಮಾಡುವುದಿಲ್ಲ. ಉಂಡ ತಟ್ಟೆ, ಮಾಡಿದ ಪಾತ್ರೆ ಅವರವರೇ ಆಗಲೇ ತೊಳೆಯಬೇಕು. ಅದಕ್ಕೆ ಪಾಳಿ ಇಲ್ಲ. ಎಲ್ಲರಿಗೂ ಸೇರಿದ ಕೆಲಸಕ್ಕೆ ಮಾತ್ರ ಪಾಳಿ. ಒಬ್ಬರಿಗೆ ಒಂದು ವಾರ:

1ನೇ ವಾರ: ಕೂಡ್ಲಿಗಿ
2ನೇ ವಾರ: ಕೊಟ್ಟೂರು
3ನೇ ವಾರ: ಹರಪನಹಳ್ಳಿ
4ನೇ ವಾರ: ಹಗರಿಬೊಮ್ಮನಹಳ್ಳಿ
5ನೇ ವಾರ: ಹಡಗಲಿ

ಪಾಳಿಯವಳು ದಿನಾ ರಾತ್ರಿ ಒಲೆ, ಕಟ್ಟೆ ಒರೆಸಬೇಕು. ಕಸ ಹೊರಗೆ ಹಾಕಬೇಕು. ಫ್ರಿಜ್ಜಿನ ಚೀಟಿ ಓದಿ, ಗಡುವು ಮುಗಿದ ಡಬ್ಬಿಯನ್ನು ಅದರ ಒಡತಿಗೆ ಹೇಳಿ ತೆಗೆಸಬೇಕು. ಚೀಟಿ ಇಲ್ಲದ ಡಬ್ಬಿ ಕಂಡರೆ ಶನಿವಾರ ರಾತ್ರಿ ಎಲ್ಲರನ್ನೂ ಕೇಳಬೇಕು. ಯಾರೂ ನನ್ನದು ಅನ್ನದಿದ್ದರೆ ಭಾನುವಾರ ಒಗೆಯಬಹುದು. ಹೀಗೆ ಮಾಡಿದರೆ ಕೇಳದೆ ಒಗೆದರು ಎನ್ನುವ ಜಗಳ ಹುಟ್ಟುವುದಿಲ್ಲ.

ಹರಪನಹಳ್ಳಿಯವಳೇ ನರ್ಸ್. ಅವಳ ವಾರದಲ್ಲೇ ರಾತ್ರಿ ಡ್ಯೂಟಿ ಬಂತು. ಆಗ ಹಗರಿಬೊಮ್ಮನಹಳ್ಳಿಯವಳ ಸಂಗಡ ವಾರ ಅದಲುಬದಲು ಮಾಡಿಕೊಂಡಳು. ಬಾಯಿಮಾತಿನಲ್ಲಿ ಬಿಡದೆ ಗೋಡೆಯ ಹಾಳೆಯಲ್ಲೂ ತಿದ್ದಿ ಬರೆದಳು. ಬರೆಯದಿದ್ದರೆ "ನಿಂದು, ನಂದಲ್ಲ" ಎಂದು ಇಬ್ಬರೂ ಸುಮ್ಮನಿರುತ್ತಿದ್ದರು.

ಭಾನುವಾರ ಫ್ರಿಜ್ಜಿನ ಕೆಲಸ. ಮೊದಲು ಪ್ಲಗ್ ತೆಗೆಯಿರಿ. ಡಬ್ಬಿಗಳನ್ನು ಹೊರಗಿಡಿ. ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಅಡಿಗೆ ಸೋಡಾ ಹಾಕಿ ಒಳಗೆಲ್ಲ ಒರೆಸಿ. ಬಾಗಿಲಿನ ರಬ್ಬರಿನ ಮಡಿಕೆಯಲ್ಲಿ ಕಪ್ಪು ಬೂಷ್ಟು ಕೂತಿರುತ್ತದೆ, ಅದನ್ನು ಮರೆಯಬೇಡಿ. ಬಾಗಿಲ ಸಂದಿಗೆ ಒಂದು ಹಾಳೆ ಇಟ್ಟು ಮುಚ್ಚಿ, ಎಳೆದು ನೋಡಿ. ಹಾಳೆ ಸಲೀಸಾಗಿ ಬಂದರೆ ತಂಪು ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಮನೆ ಮಾಲೀಕರಿಗೆ ಹೇಳಿ ರಬ್ಬರು ಬದಲಾಯಿಸಿ. ಐಸು ಗಟ್ಟಿಯಾಗಿದ್ದರೆ ಚಾಕುವಿನಿಂದ ಕೆರೆಯಬೇಡಿ. ಒಳಗಿನ ಕೊಳವೆ ತೂತಾದರೆ ಗ್ಯಾಸ್ ಹೋಗಿ ಫ್ರಿಜ್ಜೇ ಕೆಡುತ್ತದೆ. ಐಸು ತಾನೇ ಕರಗಲಿ.

ಕರೆಂಟು ಹೋದಾಗ ಬಾಗಿಲು ತೆಗೆಯಬೇಡಿ. ಮುಚ್ಚಿಯೇ ಇದ್ದರೆ ಸುಮಾರು ನಾಲ್ಕು ತಾಸು ತಂಪು ಉಳಿಯುತ್ತದೆ. ಅದಕ್ಕೂ ಹೆಚ್ಚು ಹೊತ್ತು ಕರೆಂಟು ಇಲ್ಲದಿದ್ದರೆ, ಚೀಟಿಯಲ್ಲಿ ಗಡುವು ಇನ್ನೂ ಉಳಿದಿದ್ದರೂ ಆ ಅನ್ನ, ಪಲ್ಯ, ಹಾಲು ಉಣ್ಣಲು ಬೇಡ.