ನಿಮ್ಮ ಡೇಟಾಬೇಸಿಗೆ ಯಾರ್ಯಾರು ಬರಬಹುದು?

2017ರ ಜನವರಿಯಲ್ಲಿ ಜಗತ್ತಿನ ಸಾವಿರಾರು ಮೊಂಗೋಡಿಬಿ ಡೇಟಾಬೇಸ್‌ಗಳು ಕೆಲವೇ ವಾರಗಳಲ್ಲಿ ಬರಿದಾದವು. ಮಾಹಿತಿಯೆಲ್ಲ ಅಳಿಸಿಹೋಗಿ, ಅದರ ಜಾಗದಲ್ಲಿ ಬಿಟ್‌ಕಾಯಿನ್ ಕೇಳುವ ಒಂದು ಚೀಟಿ ಮಾತ್ರ ಉಳಿದಿತ್ತು. ದಾಳಿಕೋರರು ದೊಡ್ಡ ಜಾಣತನವನ್ನೇನೂ ತೋರಿಸಬೇಕಾಗಿರಲಿಲ್ಲ. ಆ ಡೇಟಾಬೇಸ್‌ಗಳು ಇಡೀ ಇಂಟರ್ನೆಟ್‌ಗೆ ತೆರೆದುಕೊಂಡಿದ್ದವು, ಪಾಸ್‌ವರ್ಡ್ ಕೂಡ ಇರಲಿಲ್ಲ.

ಈಗ ಹೆಚ್ಚಿನವರು ಡೇಟಾಬೇಸನ್ನು ಕ್ಲೌಡ್ ಕಂಪನಿಯ ಉಸ್ತುವಾರಿಗೆ ಬಿಡುತ್ತಾರೆ. ಬ್ಯಾಕಪ್, ಅಪ್‌ಡೇಟ್ ಎಲ್ಲವನ್ನೂ ಕಂಪನಿ ನೋಡಿಕೊಳ್ಳುತ್ತದೆ. ಆದರೆ ಯಾವ ವಿಳಾಸದಿಂದ ಬಂದವರನ್ನು ಒಳಗೆ ಬಿಡಬೇಕೆಂಬುದನ್ನು ಗ್ರಾಹಕರೇ ತೀರ್ಮಾನಿಸಬೇಕು.

ಒಂದು ಸಣ್ಣ ಆನ್‌ಲೈನ್ ಅಂಗಡಿ ಇದೆ ಎಂದುಕೊಳ್ಳೋಣ. ಅದರ ವೆಬ್‌ಸೈಟ್ ಅಮೆಜಾನ್ ಕ್ಲೌಡ್‌ನ ಮುಂಬೈ ಕೇಂದ್ರದಲ್ಲಿರುವ ಒಂದು ಸರ್ವರ್‌ನಲ್ಲಿದೆ. ಆರ್ಡರ್‌ಗಳೆಲ್ಲ ಅಲ್ಲಿಯದೇ ಆರ್‌ಡಿಎಸ್ ಸೇವೆಯ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿವೆ. ಪ್ರೋಗ್ರಾಮರ್ ಮೊದಲ ದಿನ ಮನೆಯಿಂದಲೇ ಕೆಲಸ ಮಾಡಲು ಅನುಕೂಲವಾಗಲಿ ಎಂದು ಡೇಟಾಬೇಸಿನ ಸೆಕ್ಯುರಿಟಿ ಗ್ರೂಪ್‌ನಲ್ಲಿ ಹೀಗೆ ನಿಯಮ ಹಾಕಿದ್ದರು:

```
Port: 5432    Source: 0.0.0.0/0
```

ಕೊನೆಯ ಆ ಸೊನ್ನೆಗಳ ಅರ್ಥ, ಯಾವ ಐಪಿ ವಿಳಾಸದಿಂದ ಬೇಕಾದರೂ ಬರಬಹುದು ಎಂದು. ಹೀಗಿರುವಾಗ ಪಾಸ್‌ವರ್ಡ್ ಒಂದೇ ಕಾವಲು. ತೆರೆದ ಪೋರ್ಟ್‌ಗಳನ್ನು ಹಗಲಿರುಳು ಹುಡುಕುವ ಯಂತ್ರಗಳು ಸಿಕ್ಕಲ್ಲೆಲ್ಲ ಪಾಸ್‌ವರ್ಡ್ ಊಹಿಸುತ್ತಾ ಕೂರುತ್ತವೆ.

ಇದನ್ನು ಬಿಗಿ ಮಾಡಲು ಹೊರಟವರಿಗೆ ಮೊದಲು ಹೊಳೆಯುವುದು ಸರ್ವರ್‌ನ ಸಾರ್ವಜನಿಕ ವಿಳಾಸ. ಅದು 203.0.113.25 ಎಂದಿದ್ದರೆ, ನಿಯಮದಲ್ಲಿ 203.0.113.25/32 ಎಂದು ಬರೆಯುತ್ತಾರೆ. ಕೊನೆಯ /32 ಎಂದರೆ ಆ ಒಂದೇ ಒಂದು ವಿಳಾಸ. ತರ್ಕವೇನೋ ಸರಿ, ಆದರೂ ವೆಬ್‌ಸೈಟ್ ನಿಂತುಹೋಗುತ್ತದೆ. ಸರ್ವರ್ ಮತ್ತು ಡೇಟಾಬೇಸ್ ಎರಡೂ ಒಂದೇ ಖಾಸಗಿ ಜಾಲದೊಳಗಿವೆ. ಅಲ್ಲಿಂದ ಡೇಟಾಬೇಸಿನ ಹೆಸರನ್ನು ಕೇಳಿದರೆ ಸಿಗುವುದು ಅದರ ಒಳವಿಳಾಸ, ಸಂಪರ್ಕವೂ ಒಳದಾರಿಯಲ್ಲೇ ಸಾಗುತ್ತದೆ. ಹಾಗಾಗಿ ಡೇಟಾಬೇಸಿಗೆ ಕಾಣುವುದು 172.31.ರಿಂದ ಶುರುವಾಗುವಂಥ ಒಳವಿಳಾಸ. ಪಟ್ಟಿಯಲ್ಲಿ ಅದು ಇಲ್ಲ.

ಅಮೆಜಾನ್‌ನಲ್ಲಿ ಇದಕ್ಕೆ ಅಂಕಿಗಳ ಗೊಡವೆಯೇ ಇಲ್ಲದ ದಾರಿ ಇದೆ. Source ಜಾಗದಲ್ಲಿ ವಿಳಾಸದ ಬದಲು ವೆಬ್ ಸರ್ವರ್‌ನ ಸೆಕ್ಯುರಿಟಿ ಗ್ರೂಪನ್ನೇ ಆರಿಸಬಹುದು. ನಾಳೆ ಅದೇ ಗ್ರೂಪಿಗೆ ಇನ್ನೆರಡು ಸರ್ವರ್ ಸೇರಿದರೂ ನಿಯಮ ಮುಟ್ಟಬೇಕಾಗಿಲ್ಲ. ಹೊಸ ನಿಯಮ ಸೇರಿಸಿದ ಮೇಲಷ್ಟೇ ಹಳೆಯದನ್ನು ತೆಗೆಯಬೇಕು. ಆಮೇಲೆ ಡೇಟಾಬೇಸಿನ Publicly accessible ಎಂಬುದನ್ನು No ಮಾಡಿದರೆ ಹೊರಗಿನಿಂದ ಅದಕ್ಕೆ ದಾರಿಯೇ ಉಳಿಯುವುದಿಲ್ಲ.

ಸರ್ವರ್ ಬೇರೆ ಕಂಪನಿಯ ಕ್ಲೌಡ್‌ನಲ್ಲಿದ್ದರೆ ಮಾತ್ರ ಈ ಅನುಕೂಲ ಇಲ್ಲ. ಆಗ ಸಾರ್ವಜನಿಕ ವಿಳಾಸವನ್ನೇ ಬರೆಯಬೇಕು, ಆ ವಿಳಾಸ ಬದಲಾಗದಂತೆ ಕಾಯ್ದಿರಿಸಿದ್ದೂ ಆಗಿರಬೇಕು. ಇಲ್ಲವಾದರೆ ವಿಳಾಸ ಬದಲಾದ ದಿನ ವೆಬ್‌ಸೈಟ್ ಹೊರಗುಳಿಯುತ್ತದೆ.

ನಿಯಮ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಎರಡು ಕಡೆಯಿಂದ ನೋಡಬೇಕು, ಒಮ್ಮೆ ಸರ್ವರ್‌ನಿಂದ, ಒಮ್ಮೆ ಮನೆಯ ಲ್ಯಾಪ್‌ಟಾಪ್‌ನಿಂದ. DBHOST ಎಂಬಲ್ಲಿ ಡೇಟಾಬೇಸಿನ ಹೆಸರು ಹಾಕಿ:

```
nc -zv -w 5 DBHOST 5432
```

ಸರ್ವರ್‌ನಲ್ಲಿ ಕೂಡಲೇ succeeded ಅಥವಾ Connected ಎಂದು ಬರಬೇಕು. ಮನೆಯಲ್ಲಿ ಐದು ಸೆಕೆಂಡ್ ಕಾದು timed out ಎನ್ನಬೇಕು. ಸೆಕ್ಯುರಿಟಿ ಗ್ರೂಪ್ ಬೇಡದವರಿಗೆ ‘ಇಲ್ಲ’ ಎಂದೂ ಹೇಳುವುದಿಲ್ಲ, ಸುಮ್ಮನಿದ್ದುಬಿಡುತ್ತದೆ. ಮನೆಯಿಂದ ಲಾಗಿನ್ ಮಾಡಹೋದಾಗ password authentication failed ಎಂಬ ಉತ್ತರ ಬಂದರೆ ಸಮಾಧಾನಪಡುವಂತಿಲ್ಲ. ಪಾಸ್‌ವರ್ಡ್ ತಪ್ಪೆಂದು ಹೇಳಲು ಡೇಟಾಬೇಸೇ ಉತ್ತರಿಸಿದೆ, ಅಂದರೆ ದಾರಿ ಇನ್ನೂ ತೆರೆದಿದೆ. ಕೊನೆಗೆ ವೆಬ್‌ಸೈಟಿನ ಪ್ರೋಗ್ರಾಮನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಮೊದಲೇ ತೆರೆದಿದ್ದ ಸಂಪರ್ಕಗಳು ಕೆಲವೊಮ್ಮೆ ನಿಯಮ ಬದಲಾದ ಮೇಲೂ ನಡೆಯುತ್ತಿರುತ್ತವೆ. ಎಲ್ಲ ಸರಿಯಿದೆ ಎಂದುಕೊಂಡಿದ್ದು ರಾತ್ರಿ ಹೊಸ ಸಂಪರ್ಕ ಬೇಕಾದಾಗ ಕೈಕೊಡಬಹುದು.

ಇನ್ನು ಪ್ರೋಗ್ರಾಮರ್ ಮನೆಯಿಂದ ಡೇಟಾಬೇಸ್ ನೋಡುವುದು ಹೇಗೆ? ಮನೆಯ ಬ್ರಾಡ್‌ಬ್ಯಾಂಡ್ ವಿಳಾಸ ಆಗಾಗ ಬದಲಾಗುತ್ತದೆ. ಪ್ರತಿ ಸಲ ಹೊಸದನ್ನು ಸೇರಿಸಿ ಹಳೆಯದನ್ನು ಮರೆತರೆ, ಆ ಹಳೆಯ ವಿಳಾಸ ಮುಂದೆ ಯಾರದೋ ಮನೆಗೆ ಸಿಕ್ಕಿರುತ್ತದೆ. ಅದಕ್ಕಿಂತ ಎಸ್‌ಎಸ್‌ಎಚ್ ಮೂಲಕ ಸರ್ವರ್‌ಗೆ ಹೋಗಿ ಅಲ್ಲಿಂದ ಡೇಟಾಬೇಸ್ ತಲುಪುವುದು ಲೇಸು. ಪಟ್ಟಿಗೆ ಏನನ್ನೂ ಸೇರಿಸಬೇಕಾಗಿಲ್ಲ.

ಸುಲಭವೆನಿಸುವ ಆಯ್ಕೆಗಳನ್ನೂ ಓದಿ ನೋಡಬೇಕು. ಮೈಕ್ರೋಸಾಫ್ಟ್ ಅಜೂರ್‌ನ ಎಸ್‌ಕ್ಯುಎಲ್ ಸೇವೆಯಲ್ಲಿ ಅಜೂರ್ ಸೇವೆಗಳಿಗೆ ಅನುಮತಿ ಕೊಡುವ ಒಂದು ಗುಂಡಿ ಇದೆ. ಅದು ನಿಮ್ಮ ಸರ್ವರ್‌ಗಳನ್ನಷ್ಟೇ ಅಲ್ಲ, ಅಜೂರ್‌ನ ಬೇರೆ ಗ್ರಾಹಕರ ಸರ್ವರ್‌ಗಳಿಂದ ಬರುವ ಸಂಪರ್ಕಗಳನ್ನೂ ಡೇಟಾಬೇಸಿನ ತನಕ ಬಿಡುತ್ತದೆ.

ಪಟ್ಟಿ ಎಷ್ಟು ಬಿಗಿಯಾಗಿದ್ದರೂ ವೆಬ್ ಸರ್ವರ್ ಅದರೊಳಗಿದ್ದೇ ಇರುತ್ತದೆ. ವೆಬ್‌ಸೈಟಿನ ದೋಷ ಹಿಡಿದು ಸರ್ವರ್‌ನೊಳಗೆ ನುಗ್ಗಿದವರನ್ನು ಈ ನಿಯಮ ತಡೆಯಲಾರದು. ಆದ್ದರಿಂದ ವೆಬ್‌ಸೈಟ್ ಬಳಸುವ ಖಾತೆ ಡೇಟಾಬೇಸಿನ ಯಜಮಾನನ ಖಾತೆ ಆಗಿರಬಾರದು. ಆರ್ಡರ್ ಓದಲು, ಬರೆಯಲು ಬೇಕಾದಷ್ಟು ಅಧಿಕಾರ ಅದಕ್ಕಿದ್ದರೆ ಸಾಕು, ಟೇಬಲ್ಲನ್ನೇ ಅಳಿಸುವ ಅಧಿಕಾರ ಬೇಕಿಲ್ಲ.